ಕಕ್ಕಡದ ಮಳೆಯಲ್ಲಿ ಬಂದ ಪಿಐಪಿ

ಗೊಬ್ಬರ ಮತ್ತು ಕೀಟನಾಶಕ ಮಾರುವ ಖಾಸಗಿ ಕಂಪನಿಯೊಂದರಲ್ಲಿ ದಕ್ಷಿಣ ಕೊಡಗಿನ ಮಾರಾಟ ಪ್ರತಿನಿಧಿಯಾಗಿದ್ದ ನನಗೆ, ಜುಲೈ ನಡುವಿನಲ್ಲಿ, ಕೊಡಗಿನವರು ಕಕ್ಕಡ ಎನ್ನುವ ಜಡಿಮಳೆಯ ತಿಂಗಳು ಶುರುವಾಗುವ ಹೊತ್ತಿಗೆ, ಕಾರ್ಯಕ್ಷಮತೆ ಸುಧಾರಣಾ ಯೋಜನೆಯ ಪತ್ರ ಬಂತು. ಕಚೇರಿಗಳಲ್ಲಿ ಇದನ್ನು ಎಲ್ಲರೂ ಪಿಐಪಿ ಎನ್ನುತ್ತಾರೆ. ಗೋಣಿಕೊಪ್ಪ, ಪೊನ್ನಂಪೇಟೆ ಮತ್ತು ಸಿದ್ದಾಪುರದ ಅಂಗಡಿಗಳ ಬಾಕಿಯಲ್ಲಿ ಶೇಕಡ 80ರಷ್ಟನ್ನು 60 ದಿನಗಳಲ್ಲಿ ವಸೂಲು ಮಾಡಬೇಕು, ವಾರಕ್ಕೊಮ್ಮೆ ವ್ಯವಸ್ಥಾಪಕರ ಮುಂದೆ ಲೆಕ್ಕ ಒಪ್ಪಿಸಬೇಕು, ಗುರಿ ಮುಟ್ಟದಿದ್ದರೆ ಸೇವೆಯಿಂದ ಬಿಡುಗಡೆ ಮಾಡುವುದೂ ಸೇರಿದಂತೆ ಕ್ರಮ ಕೈಗೊಳ್ಳಲಾಗುವುದು ಎಂದು ಅದರಲ್ಲಿತ್ತು.

ಪಿಐಪಿ ಕಾನೂನು ವಿಧಿಸಿದ ದಾಖಲೆಯಲ್ಲ. ಕಂಪನಿ ತನ್ನ ಅನುಕೂಲಕ್ಕೆ ಮಾಡಿಕೊಂಡ ಪದ್ಧತಿ. ಆದರೂ ಅದರ ಹಿಂದೆ ಕಾನೂನಿನ ನೆರಳಿರುತ್ತದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಸೆಕ್ಷನ್ ಪ್ರಕಾರ, ಆರು ತಿಂಗಳು ಸತತವಾಗಿ ದುಡಿದ ನೌಕರನನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನಾಗಲಿ ಅದರ ಬದಲಿಗೆ ಸಂಬಳವನ್ನಾಗಲಿ ಕೊಡದೆ ತೆಗೆಯುವಂತಿಲ್ಲ. ಆಡಳಿತ ಹುದ್ದೆಯಲ್ಲಿರುವವರಿಗೆ ಈ ರಕ್ಷಣೆ ಇಲ್ಲ. ಆ ‘ಸಮಂಜಸ ಕಾರಣ’ವನ್ನು ಮುಂದೊಂದು ದಿನ ತೋರಿಸಬೇಕಾಗಿ ಬಂದರೆ ಕಂಪನಿಯ ಕೈಯಲ್ಲಿ ಇರುವುದು ಪಿಐಪಿಯ ಕಡತವೇ. ನಿಜವಾಗಿಯೂ ತಿದ್ದುವ ಉದ್ದೇಶದಿಂದ ಕೊಡುವ ಮೇಲಧಿಕಾರಿಗಳಿಲ್ಲವೆಂದಲ್ಲ. ಆದರೆ ಪತ್ರದ ಒಕ್ಕಣೆ ಎರಡೂ ಸಂದರ್ಭಗಳಲ್ಲಿ ಒಂದೇ ಆಗಿರುವುದರಿಂದ, ಉದ್ದೇಶವನ್ನು ಬೇರೆ ರೀತಿಯಲ್ಲೇ ಕಂಡುಕೊಳ್ಳಬೇಕು.

ಮಾನವ ಸಂಪನ್ಮೂಲ ವಿಭಾಗದವರು ಅಂದೇ ಸಹಿ ಕೇಳಿದರು. ಸಹಿ ಮಾಡದೆ ಹಟ ಹಿಡಿದರೆ ಅದೇ ಇನ್ನೊಂದು ಆರೋಪವಾಗುತ್ತದೆ. ಸುಮ್ಮನೆ ಮಾಡಿದರೆ ಗುರಿಗಳನ್ನು ಒಪ್ಪಿದಂತೆ ಓದಿಕೊಳ್ಳುತ್ತಾರೆ. ‘ಪತ್ರ ತಲುಪಿದೆ; ಗುರಿಯ ಬಗ್ಗೆ ಪ್ರತ್ಯೇಕವಾಗಿ ಉತ್ತರಿಸುತ್ತೇನೆ’ ಎಂದು ದಿನಾಂಕದೊಡನೆ ಬರೆದು, ಅದರ ಕೆಳಗೆ ಸಹಿ ಹಾಕಿದೆ.

ಉತ್ತರ ಬರೆಯುವ ಮುನ್ನ ಹಿಂದಿನ ಮೂರು ವರ್ಷಗಳ ವಸೂಲಿ ಲೆಡ್ಜರನ್ನು ತಿಂಗಳುವಾರು ಬಿಡಿಸಿ ಇಟ್ಟುಕೊಂಡೆ. ಕೊಡಗಿನಲ್ಲಿ ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾದರೆ ರೊಬಸ್ಟಾ ಹೆಚ್ಚಾಗಿ ಜನವರಿಯ ನಂತರ. ಬೆಳೆಗಾರರ ಕೈಗೆ ಕಾಸು ಬರುವುದು ಅದಾದ ಮೇಲೆ, ಅಂಗಡಿಯವರು ನಮಗೆ ಕೊಡುವುದು ಇನ್ನೂ ತಡವಾಗಿ. ಮಳೆಗೆ ಮುಂಚೆ ಸಾಲದಲ್ಲಿ ಹೋದ ಗೊಬ್ಬರದ ದುಡ್ಡನ್ನು ಕಕ್ಕಡದಲ್ಲಿ ಕೇಳಿದರೆ, ‘ಕಾಫಿ ಮಾರದೆ ಎಲ್ಲಿಂದ ತರಲಿ, ಮಾರಾಯ’ ಎಂಬ ಉತ್ತರವನ್ನು ಬಿಟ್ಟು ಬೇರೇನೂ ಸಿಗುವುದಿಲ್ಲ. ಆ ಮೂರು ವರ್ಷಗಳಲ್ಲಿ ಯಾವ ಮಳೆಗಾಲದಲ್ಲೂ, ನನ್ನ ಪ್ರದೇಶದಲ್ಲಾಗಲಿ ಪಕ್ಕದ ಸಹೋದ್ಯೋಗಿಯ ಪ್ರದೇಶದಲ್ಲಾಗಲಿ, ಈ ಗುರಿಯ ಅರ್ಧದಷ್ಟೂ ವಸೂಲಾಗಿರಲಿಲ್ಲ.

ನನ್ನ ಪತ್ರದಲ್ಲಿ ‘ಅನ್ಯಾಯ’ ಎಂಬ ಪದವಿರಲಿಲ್ಲ. ಆ ಪಟ್ಟಿಯನ್ನು ಲಗತ್ತಿಸಿ, ವಸೂಲಿಯ ಬದಲು ಪ್ರತಿ ಅಂಗಡಿಯಿಂದ ಸಹಿ ಮತ್ತು ಪಾವತಿಯ ದಿನಾಂಕವಿರುವ ಬಾಕಿ ದೃಢೀಕರಣ ಪತ್ರವನ್ನು ಅದೇ ಗಡುವಿನೊಳಗೆ ತರುತ್ತೇನೆಂದು ಬರೆದೆ. ಇಡೀ ಯೋಜನೆಯನ್ನು ತಿರಸ್ಕರಿಸುವುದಕ್ಕಿಂತ ಒಂದೇ ಗುರಿಯನ್ನು ಆಧಾರಸಹಿತವಾಗಿ ಬದಲಿಸಲು ಕೇಳುವುದು ನನಗೆ ಹೆಚ್ಚು ಉಪಯುಕ್ತವಾಗಿ ಕಂಡಿತು, ಏಕೆಂದರೆ ಉಳಿಸಿಕೊಳ್ಳಬೇಕೆಂದಿರುವವರು ಅಂಥ ಪತ್ರವನ್ನು ಕನಿಷ್ಠ ಚರ್ಚೆಗೆ ತೆಗೆದುಕೊಳ್ಳುತ್ತಾರೆ. ‘ಗುರಿ ಕಂಪನಿಯ ನೀತಿಯಂತೆ ಇದೆ’ ಎಂಬ ಒಂದು ಸಾಲಿನ ಉತ್ತರ ಬಂತು. ಅಂಕಿಗಳ ಬಗ್ಗೆ ಮಾತೇ ಇರಲಿಲ್ಲ. ವಾರದ ಪರಿಶೀಲನಾ ಸಭೆಗಳು ಒಂದೊಂದಾಗಿ ಮುಂದೂಡಲ್ಪಟ್ಟವು. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬ ಬರುವಷ್ಟರಲ್ಲಿ ಸಿದ್ದಾಪುರದ ಅಂಗಡಿಗಳನ್ನು ಇನ್ನೊಬ್ಬರಿಗೆ ವಹಿಸಿದ್ದರು. ಸುಧಾರಿಸಬೇಕಾದವನ ಕೆಲಸವನ್ನೇ ಕಿತ್ತುಕೊಂಡ ಮೇಲೆ ನನಗೆ ಸಂಶಯ ಉಳಿಯಲಿಲ್ಲ.

ಆಮೇಲೆ ಉಳಿದದ್ದು ಹೊರಡುವ ಲೆಕ್ಕ. ಗಡುವಿನ ಕೊನೆಗೆ, ಎರಡು ತಿಂಗಳ ನೋಟಿಸ್ ಅವಧಿಯ ಸಂಬಳವನ್ನು ಒಟ್ಟಿಗೆ ಕೊಡುತ್ತೇವೆ, ಅಂದೇ ರಾಜೀನಾಮೆ ಕೊಟ್ಟು ಹೋಗಿ ಎಂದರು. ಕೇಳಲು ಹಿತವಾದ ಮಾತು. ಆದರೆ ನನಗೆ ಸೇವೆಯ ಐದು ವರ್ಷ ತುಂಬುತ್ತಿದ್ದುದು ನವೆಂಬರ್ ಆರಂಭದಲ್ಲಿ, ಮತ್ತು ರಾಜೀನಾಮೆ ಕೊಡುವ ಕಾಯಂ ನೌಕರನಿಗೆ ಗ್ರಾಚ್ಯುಟಿ ಸಿಗಲು ಐದು ವರ್ಷಗಳ ಸತತ ಸೇವೆ ಬೇಕು. ಮೂಲವೇತನ 26,000 ರೂಪಾಯಿಯಾದರೆ, ಅದನ್ನು 26ರಿಂದ ಭಾಗಿಸಿ, 15 ದಿನಗಳಿಂದಲೂ 5 ವರ್ಷಗಳಿಂದಲೂ ಗುಣಿಸಿದಾಗ 75,000 ರೂಪಾಯಿ ಬರುತ್ತದೆ. ಸೆಪ್ಟೆಂಬರಿನಲ್ಲೇ ಹೊರಬಿದ್ದಿದ್ದರೆ ಆ ಹಣಕ್ಕಾಗಿ ವಾದಕ್ಕಿಳಿಯಬೇಕಾಗುತ್ತಿತ್ತು. ಆದ್ದರಿಂದ ನೋಟಿಸ್ ಅವಧಿಯನ್ನು ದುಡಿದೇ ಮುಗಿಸುತ್ತೇನೆಂದು ಇಮೇಲ್ ಮಾಡಿ, ಬಿಡುಗಡೆ ಪತ್ರದಲ್ಲಿ ‘ರಾಜೀನಾಮೆ’ ಎಂದೇ ಇರಬೇಕೆಂದೂ, ರಜೆಯ ನಗದೀಕರಣ ಮತ್ತು ಗ್ರಾಚ್ಯುಟಿಯನ್ನು ಅಂತಿಮ ಲೆಕ್ಕದಲ್ಲಿ ಬೇರೆ ಬೇರೆ ಸಾಲುಗಳಾಗಿ ತೋರಿಸಬೇಕೆಂದೂ ಕೇಳಿದೆ. ಅವರು ಒಪ್ಪಿದರು, ಜಗಳಗಂಟನಲ್ಲದವನನ್ನು ಸದ್ದಿಲ್ಲದೆ ಕಳುಹಿಸುವುದು ಅವರಿಗೂ ಬೇಕಿತ್ತೇನೋ.

ಅದೇ ವರ್ಷ ಸೋಮವಾರಪೇಟೆ ಕಡೆಯ ಸಹೋದ್ಯೋಗಿಯೊಬ್ಬರಿಗೂ ಪಿಐಪಿ ಬಂದಿತ್ತು. ಅವರ ಮೇಲಿದ್ದ ದೂರು ದಿನದ ವರದಿ ತಡವಾಗುತ್ತದೆ ಎಂಬುದು; ಅದು ಅವರ ಕೈಯಲ್ಲೇ ಇದ್ದ ಸಂಗತಿ, ದೂರೂ ನಿಜ. ವ್ಯವಸ್ಥಾಪಕರು ಪ್ರತಿ ವಾರವೂ ಅವರೊಡನೆ ಕುಳಿತರು, ಮೊಬೈಲ್ ಸಿಗ್ನಲ್ ಇಲ್ಲದ ಹಳ್ಳಿಗಳಿಗೆ ಹೋದ ದಿನ ಮರುದಿನ ಬೆಳಿಗ್ಗೆ ವರದಿ ಕಳುಹಿಸಲು ಲಿಖಿತ ಒಪ್ಪಿಗೆ ಕೊಟ್ಟರು. ಆ ಸಹೋದ್ಯೋಗಿ ಏನನ್ನೂ ಪ್ರಶ್ನಿಸದೆ ಗಡುವು ಮುಗಿಸಿದರು, ಯೋಜನೆ ಮುಕ್ತಾಯವಾಯಿತೆಂಬ ಪತ್ರವನ್ನು ಕೇಳಿ ಪಡೆದುಕೊಂಡರು, ಈಗಲೂ ಅಲ್ಲೇ ಇದ್ದಾರೆ.