ಸಂಘದ ವರದಿಯ ಚದುರಿದ ಅಂಕಿಗಳನ್ನು ಒಂದೇ ಕೋಷ್ಟಕಕ್ಕೆ ತರುವಾಗ

ಸರ್ವಸದಸ್ಯರ ಸಭೆಗೆ ಮೊದಲು ನಮ್ಮ ಪತ್ತಿನ ಸಂಘದ ವರದಿಗಳಿಂದ ಠೇವಣಿಯ ಅಂಕಿಗಳನ್ನು ಹೀಗೆ ಜೋಡಿಸಿಕೊಳ್ಳುತ್ತೇನೆ. ಅಧ್ಯಕ್ಷರ ಭಾಷಣದಲ್ಲಿ ಅವು ಲಕ್ಷಗಳಲ್ಲಿರುತ್ತವೆ, ಅಢಾವೆ ಪತ್ರಿಕೆಯಲ್ಲಿ ರೂಪಾಯಿಗಳಲ್ಲಿ. ಮೊದಲು ಎಲ್ಲವನ್ನೂ ಲಕ್ಷಕ್ಕೆ ತನ್ನಿ. ಎರಡೂ ತಾಳೆಯಾಗದಿದ್ದರೆ ಆಡಿಟ್ ಆದ ಅಢಾವೆ ಪತ್ರಿಕೆಯದನ್ನೇ ಹಿಡಿಯಿರಿ. ಉದಾಹರಣೆಗೆ:

| ಮಾರ್ಚ್ 31ಕ್ಕೆ | ಠೇವಣಿ (ಲಕ್ಷ ರೂ.) | ವ್ಯತ್ಯಾಸ | ಶೇಕಡಾ |
|---|---|---|---|
| 2022 | 40.0 | – | – |
| 2023 | 46.0 | +6.0 | +15 |
| 2024 | 43.7 | −2.3 | −5 |

ಮೊದಲ ವರ್ಷದ ಎದುರು ಸೊನ್ನೆ ಹಾಕಬೇಡಿ, ಬದಲಾವಣೆಯೇ ಇಲ್ಲವೆಂದು ಓದುತ್ತಾರೆ. ಭಾಗಿಸುವುದು ಯಾವಾಗಲೂ ಹಿಂದಿನ ವರ್ಷದ ಅಂಕಿಯಿಂದ. ಸ್ಪ್ರೆಡ್‌ಶೀಟ್‌ನ D3ಯಲ್ಲಿ ಇದನ್ನು ಬರೆದು, ಕಾಲಂಗೆ ಶೇಕಡಾ ಫಾರ್ಮ್ಯಾಟ್ ಕೊಟ್ಟು ಕೆಳಗೆ ಎಳೆಯಿರಿ:

```
=(B3-B2)/B2
```

ಸಾಲದ ಸುಸ್ತಿ ಪ್ರಮಾಣಕ್ಕೆ ಮಾತ್ರ ಈ ಸೂತ್ರ ಬೇಡ. ಅದು ಶೇ. 4ರಿಂದ 6ಕ್ಕೆ ಏರಿದರೆ, ಏರಿಕೆ 2 ಶೇಕಡಾ ಅಂಶ ಎಂದೇ ಬರೆಯಿರಿ. ಶೇ. 50 ಎಂದರೆ ಸದಸ್ಯರು ಗಾಬರಿಯಾಗುತ್ತಾರೆ.