ಐದು ವರ್ಷ ಓಡಿದ ಎಎಂಟಿ ಗಾಡಿ: ನನ್ನ ಬಿಲ್ಲುಗಳು, ನಿಮ್ಮಲ್ಲೊಂದು ವಿನಂತಿ

ಇಂಥದೇ ಎಎಂಟಿ ಗಾಡಿ ಇಟ್ಟುಕೊಂಡಿರುವ ಎಲ್ಲರಿಗೂ ಹುಬ್ಬಳ್ಳಿಯಿಂದ ನಮಸ್ಕಾರ.

ಒಂದು ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರಿನ ಎಎಂಟಿ. 2020ರಲ್ಲಿ ಕೊಂಡದ್ದು, ಈಗ 52,000 ಕಿಲೋಮೀಟರ್ ಆಗಿದೆ. ಇನ್ನೈದು ವರ್ಷ ಇಟ್ಟುಕೊಳ್ಳಬೇಕೋ, ಈಗಲೇ ಮಾರಬೇಕೋ ಎಂಬುದು ಗೇರ್‌ಬಾಕ್ಸಿನ ಮೇಲೆ ನಿಂತಿದೆ. ಅದಕ್ಕೆ ನಿಮ್ಮ ಲೆಕ್ಕ ಬೇಕು. ಕೇಳುವ ಮೊದಲು ನನ್ನದನ್ನು ಮುಂದಿಡುತ್ತೇನೆ.

‘ಎಎಂಟಿ ಗೇರ್‌ಬಾಕ್ಸ್ ಹೋಯಿತು’ ಎಂದು ಹೇಳುವವರನ್ನು ಸ್ವಲ್ಪ ಬಿಡಿಸಿ ಕೇಳಿದರೆ ಮೂರು ಬೇರೆ ಬೇರೆ ಸಂಗತಿ ಹೊರಬರುತ್ತವೆ. ನಮ್ಮ ಗಾಡಿಯ ಒಳಗಿರುವುದು ಮ್ಯಾನುಯಲ್ ಗಾಡಿಯ ಗೇರ್‌ಬಾಕ್ಸೇ. ಕ್ಲಚ್ ಪ್ಲೇಟೂ ಅದೇ ಒಣ ಪ್ಲೇಟು. ನಮ್ಮ ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಆಕ್ಚುವೇಟರ್ ಎಂಬ ಘಟಕ ಆಯಿಲ್ ಒತ್ತಡದಿಂದ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಕ್ಲಚ್ ಸವೆಯುವ ವಸ್ತು, ಸವೆಯಲೇಬೇಕು. ಆಕ್ಚುವೇಟರ್ ಸವೆಯುವುದಕ್ಕಿಂತ ಸೋರುವುದು, ಒತ್ತಡ ಕಳೆದುಕೊಳ್ಳುವುದು ಹೆಚ್ಚು. ಹಲ್ಲಿನ ಚಕ್ರಗಳಿರುವ ಅಸಲಿ ಗೇರ್‌ಬಾಕ್ಸು ಆಯಿಲ್ ಸರಿಯಿದ್ದರೆ ಬಹಳ ಕಾಲ ಬಾಳುತ್ತದೆ. ಮೊದಲನೆಯದಕ್ಕೆ ಹತ್ತು ಹದಿನೈದು ಸಾವಿರ, ಎರಡನೆಯದಕ್ಕೆ ಅದರ ಮೂರ್ನಾಲ್ಕು ಪಟ್ಟು. ಯಾವುದು ಹೋಯಿತು ಎಂದು ಹೇಳದೆ ‘ಗೇರ್‌ಬಾಕ್ಸ್ ಖರ್ಚು’ ಎಂದರೆ ಕೇಳಿದವನಿಗೆ ಏನೂ ತಿಳಿಯುವುದಿಲ್ಲ.

ನನ್ನ ಗಾಡಿಗೆ 47,000 ಕಿಲೋಮೀಟರಿಗೆ ಕ್ಲಚ್ ಹಾಕಿಸಿದೆ. ಪ್ಲೇಟು ಮತ್ತು ಪ್ರೆಷರ್ ಪ್ಲೇಟು ಸೇರಿ 6,400, ರಿಲೀಸ್ ಬೇರಿಂಗ್ 1,500, ಬಿಚ್ಚಿ ಜೋಡಿಸುವ ಕೂಲಿ 4,500, ಗೇರ್ ಆಯಿಲ್ 1,300, ಹೊಸ ಕ್ಲಚ್ ಕಚ್ಚುವ ಜಾಗವನ್ನು ಸ್ಕ್ಯಾನರ್ ಹಚ್ಚಿ ಗಾಡಿಯ ಕಂಪ್ಯೂಟರಿಗೆ ಕಲಿಸುವುದಕ್ಕೆ 800. ಒಟ್ಟು 14,500 ರೂಪಾಯಿ.

ಸವೆದಿದೆ ಎಂದು ತಿಳಿಯುವುದು ಹೇಗೆ? ಪೆಡಲ್ ಇಲ್ಲದ್ದರಿಂದ ಕಾಲಿಗೆ ಏನೂ ಗೊತ್ತಾಗುವುದಿಲ್ಲ. ಹೊರಡುವಾಗ ನಡುಕ ಬರುತ್ತದೆ, ಏರಿನಲ್ಲಿ ಸುಟ್ಟ ವಾಸನೆ ಬರುತ್ತದೆ. ಆದರೆ ಇವು ಬರುವ ಹೊತ್ತಿಗೆ ತಡವಾಗಿರುತ್ತದೆ. ಮೊದಲೇ ತಿಳಿಯುವ ಪರೀಕ್ಷೆ ಒಂದಿದೆ. ಖಾಲಿ ರಸ್ತೆಯಲ್ಲಿ ಮ್ಯಾನುಯಲ್ ಮೋಡಿಗೆ ಹಾಕಿ, ನಾಲ್ಕನೇ ಗೇರಿನಲ್ಲಿ 40-45 ವೇಗಕ್ಕೆ ಬನ್ನಿ. ಆಕ್ಸಿಲರೇಟರನ್ನು ಮುಕ್ಕಾಲು ಭಾಗ ಒತ್ತಿ. ಪೂರ್ತಿ ಒತ್ತಿದರೆ ಗಾಡಿ ತಾನೇ ಗೇರ್ ಇಳಿಸಿಬಿಡಬಹುದು. ವೇಗದ ಮುಳ್ಳು ಮತ್ತು ಎಂಜಿನ್ ಮುಳ್ಳು ಜೊತೆಜೊತೆಗೆ ಏರಬೇಕು. ಎಂಜಿನ್ ಮುಳ್ಳು ಮಾತ್ರ ಜಿಗಿದು ಮೇಲೆ ಹೋಗಿ ವೇಗ ಹಿಂದೆ ಉಳಿದರೆ ಪ್ಲೇಟು ಜಾರುತ್ತಿದೆ ಎಂದರ್ಥ. ನೃಪತುಂಗ ಬೆಟ್ಟದ ಏರಿನಲ್ಲಿ ಇದು ಬೇಗ ಕಾಣಿಸುತ್ತದೆ, ಏಕೆಂದರೆ ಅಲ್ಲಿ ಎಂಜಿನ್ ಮೇಲೆ ಭಾರ ಬೀಳುತ್ತದೆ.

ಕ್ಲಚ್ ಹಾಕಿದ ಮೇಲಿನ ಆ 800 ರೂಪಾಯಿ ಕೆಲಸವನ್ನು ಹಲವರು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ರಿಪೇರಿಯಲ್ಲಿ ಅದೇ ಮುಖ್ಯ. ಹಳೆ ಪ್ಲೇಟು ತೆಳ್ಳಗಾಗಿತ್ತು, ಅದು ಎಲ್ಲಿ ಕಚ್ಚುತ್ತದೆ ಎಂಬುದನ್ನು ಗಾಡಿಯ ಕಂಪ್ಯೂಟರ್ ನೆನಪಿಟ್ಟುಕೊಂಡಿರುತ್ತದೆ. ಹೊಸ ಪ್ಲೇಟು ದಪ್ಪ, ಕಚ್ಚುವ ಜಾಗ ಬೇರೆ. ಸ್ಕ್ಯಾನರಿನಿಂದ ಅದನ್ನು ಹೊಸದಾಗಿ ಕಲಿಸದಿದ್ದರೆ ಗಾಡಿ ಒಂದನೇ ಗೇರಿನಲ್ಲಿ ಕುಪ್ಪಳಿಸುತ್ತದೆ, ಎರಡಕ್ಕೆ ಹೋಗುವಾಗ ತಲೆ ಮುಂದಕ್ಕೆ ಬೀಳುತ್ತದೆ. ಅದನ್ನು ನೋಡಿ ‘ಹೊಸ ಕ್ಲಚ್ಚೂ ಸರಿಯಿಲ್ಲ’ ಎಂದು ಮತ್ತೆ ಬಿಚ್ಚಿಸುವವರಿದ್ದಾರೆ. ಗ್ಯಾರೇಜಿನಲ್ಲಿ ಗಾಡಿ ಬಿಡುವ ಮೊದಲೇ ‘ಈ ಮಾಡೆಲ್ಲಿಗೆ ಕ್ಲಚ್ ಕಲಿಸೋ ಸ್ಕ್ಯಾನರ್ ಐತೇನ್ರಿ?’ ಎಂದು ಕೇಳಿ. ಬರೀ ತಪ್ಪಿನ ಕೋಡ್ ಓದುವ ಸಣ್ಣ ಯಂತ್ರದಿಂದ ಈ ಕೆಲಸ ಆಗುವುದಿಲ್ಲ.

47,000 ಎಂಬುದು ಕಡಿಮೆಯೇ? ಗಾಡಿ ಎಲ್ಲಿ ಓಡಿದೆ ಎಂಬುದರ ಮೇಲೆ ಹೋಗುತ್ತದೆ. ನನ್ನದು ಹೆಚ್ಚಿನ ಪಾಲು ಊರೊಳಗಿನ ಓಡಾಟ: ಚೆನ್ನಮ್ಮ ವೃತ್ತ, ಹೊಸೂರು, ಉಣಕಲ್, ನವನಗರ, ಆಮೇಲೆ ಧಾರವಾಡದ ಜುಬಿಲಿ ಸರ್ಕಲ್. ಇಲ್ಲಿ ಕ್ಲಚ್ಚನ್ನು ತಿನ್ನುವುದು ತೆವಳುವ ಓಡಾಟ. ಬ್ರೇಕ್ ಪೂರ್ತಿ ಒತ್ತಿ ನಿಂತಾಗ ಕ್ಲಚ್ ಬಿಟ್ಟಿರುತ್ತದೆ, ಸವೆಯುವುದಿಲ್ಲ. ಬ್ರೇಕ್ ಅರ್ಧ ಬಿಟ್ಟು ಮುಂದಿನ ಗಾಡಿಯ ಹಿಂದೆ ಇಂಚಿಂಚು ತೆವಳಿದಾಗ ಪ್ಲೇಟು ಉದ್ದಕ್ಕೂ ಉಜ್ಜುತ್ತಿರುತ್ತದೆ. ಮುಂದೆ ಎರಡು ಗಾಡಿಯಷ್ಟು ಜಾಗ ಆಗುವವರೆಗೆ ನಿಂತು, ಆಮೇಲೆ ಒಮ್ಮೆಗೇ ಹೋಗುವುದು ಒಳ್ಳೆಯದು. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಏರಿನಲ್ಲಿ ಆಕ್ಸಿಲರೇಟರಿನಿಂದ ಗಾಡಿ ಹಿಡಿದು ನಿಲ್ಲಿಸಬಾರದು, ಹ್ಯಾಂಡ್‌ಬ್ರೇಕ್ ಎಳೆಯಬೇಕು.

ಇನ್ನೊಂದು ಜಾಗ ಮನೆ ಮುಂದಿನ ರ‍್ಯಾಂಪು. ನಮ್ಮ ಕಡೆ ಗಟಾರದ ಮೇಲೆ ಕಡಿದಾದ ರ‍್ಯಾಂಪ್ ಕಟ್ಟಿ ಗಾಡಿಯನ್ನು ರಿವರ್ಸಿನಲ್ಲಿ ನಿಧಾನಕ್ಕೆ ಒಳಗೆ ತರುತ್ತೇವೆ. ವೇಗ ಇಲ್ಲ, ಭಾರ ಪೂರ್ತಿ, ಕ್ಲಚ್ ಅರ್ಧ ಕಚ್ಚಿದ ಸ್ಥಿತಿ. ದಿನಕ್ಕೆ ಎರಡು ಸಲ, ಐದು ವರ್ಷ. ನನ್ನ ಹಳೆ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿದಾಗ ಪ್ರೆಷರ್ ಪ್ಲೇಟಿನ ಮೇಲೆ ಸುತ್ತಲೂ ನೀಲಿ ಕಲೆಗಳಿದ್ದವು. ಲೋಹ ಅತಿಯಾಗಿ ಕಾದ ಗುರುತು ಅದು. ಈಗ ರ‍್ಯಾಂಪಿನ ಇಳಿಜಾರು ಕಡಿಮೆ ಮಾಡಿಸಿದ್ದೇನೆ, ಗಾಡಿಯನ್ನು ಮುಂದಕ್ಕೇ ಏರಿಸುತ್ತೇನೆ.

ಗೇರ್ ಆಯಿಲ್ ಬಗ್ಗೆ ಎರಡು ಮಾತು. ಕ್ಲಚ್‌ಗೆಂದು ಗೇರ್‌ಬಾಕ್ಸ್ ಇಳಿಸುವಾಗ ಹೇಗೂ ಆಯಿಲ್ ತೆಗೆಯಬೇಕು, ಹಳೆಯದನ್ನೇ ತಿರುಗಿ ಹಾಕಲು ಬಿಡಬೇಡಿ. ಹಿಡಿಯುವುದು ಸುಮಾರು ಎರಡು ಲೀಟರ್. ಮೊದಲು ತುಂಬುವ ಬೋಲ್ಟ್ ಬಿಚ್ಚಿ ನೋಡಿ, ಆಮೇಲೆ ಕೆಳಗಿನದು; ಮೇಲಿನದು ಜಾಮ್ ಆಗಿದ್ದರೆ ಆಯಿಲ್ ಖಾಲಿಯಾದ ಗಾಡಿ ಅಲ್ಲೇ ಉಳಿಯುತ್ತದೆ. ಗಾಡಿ ಸಮತಟ್ಟಾಗಿ ನಿಂತಿರಬೇಕು, ತುಂಬುವ ತೂತಿನಿಂದ ಆಯಿಲ್ ತೊಟ್ಟಿಕ್ಕಿದರೆ ಅಳತೆ ಸರಿ. ಡಬ್ಬಿಯ ಮೇಲೆ ಜಿಎಲ್-4 ಎಂದು ಇರಬೇಕು. ಜಿಎಲ್-5 ಇನ್ನೂ ಒಳ್ಳೆಯದು ಎಂದು ಹಾಕುವವರಿದ್ದಾರೆ, ಆದರೆ ಅದರಲ್ಲಿ ಹೆಚ್ಚಿರುವ ಗಂಧಕದ ಅಂಶ ಗೇರ್ ಕೂಡಿಸುವ ಹಿತ್ತಾಳೆಯ ರಿಂಗುಗಳನ್ನು ಕೆಡಿಸಬಹುದು. ಬೋಲ್ಟಿನ ಆಯಸ್ಕಾಂತಕ್ಕೆ ಅಂಟಿದ ಬೂದು ಬಣ್ಣದ ನುಣ್ಣನೆ ಕೆಸರು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮಾತ್ರ ಒಳಗೆ ಹಲ್ಲು ಮುರಿದಿರಬಹುದು. ನನ್ನದರಲ್ಲಿ ಕೆಸರು ಮಾತ್ರ ಇತ್ತು.

ಇನ್ನು ಆಕ್ಚುವೇಟರ್. ಹಣದ ಭಯ ಇರುವುದು ಇಲ್ಲೇ, ಹಾಗಾಗಿ ನಡೆದದ್ದನ್ನು ವಿವರವಾಗಿ ಬರೆಯುತ್ತೇನೆ. ನಾಲ್ಕನೇ ವರ್ಷ ಮಳೆಗಾಲದಲ್ಲಿ ಬೆಳಿಗ್ಗೆ ಗಾಡಿ ಚಾಲೂ ಆಗುತ್ತಿರಲಿಲ್ಲ. ಮೀಟರಿನಲ್ಲಿ ‘ಎನ್’ ಅಕ್ಷರ ಮಿಣುಕುತ್ತಿತ್ತು, ಗೇರಿನ ಎಚ್ಚರಿಕೆ ದೀಪ ಉರಿಯುತ್ತಿತ್ತು. ಒಂದು ಕಡೆ ಆಕ್ಚುವೇಟರ್ ಹೋಗಿದೆ, 52,000 ರೂಪಾಯಿ ಆಗುತ್ತದೆ ಎಂದು ಬರೆದುಕೊಟ್ಟರು. ಇನ್ನೊಬ್ಬ ಮಿಸ್ತ್ರಿ, ‘ಮೊದ್ಲ ಬ್ಯಾಟ್ರಿ ನೋಡೂಣ್ರೀ ಸರ, ಆಮ್ಯಾಲೆ ಅದನ್ನ ಮುಟ್ಟೂಣು’ ಎಂದರು.

ಎಂಜಿನ್ ಬಂದ್ ಇದ್ದಾಗ ಬ್ಯಾಟರಿಯಲ್ಲಿ 12.1 ವೋಲ್ಟ್ ಇತ್ತು. ತುಂಬಿದ ಬ್ಯಾಟರಿಯಲ್ಲಿ 12.6 ಇರಬೇಕು. ಸ್ಟಾರ್ಟ್ ಹೊಡೆದಾಗ 8.9ಕ್ಕೆ ಬಿದ್ದಿತು, 9.6ಕ್ಕಿಂತ ಕೆಳಗೆ ಇಳಿಯಬಾರದು. ಭೂಮಿ ತಂತಿಯ ಟರ್ಮಿನಲ್ಲಿನಲ್ಲಿ ಬಿಳಿ ಪುಡಿಯೂ ಕಟ್ಟಿತ್ತು. ಆಕ್ಚುವೇಟರಿನ ಪಂಪು ವಿದ್ಯುತ್ತಿನಿಂದ ಓಡುತ್ತದೆ. ವೋಲ್ಟ್ ಬಿದ್ದರೆ ಒತ್ತಡ ಏರುವುದಿಲ್ಲ, ಕಂಪ್ಯೂಟರಿಗೆ ಗೇರ್ ನ್ಯೂಟ್ರಲಿನಲ್ಲಿದೆ ಎಂಬುದು ಖಾತ್ರಿಯಾಗುವುದಿಲ್ಲ, ಅದು ಎಂಜಿನ್ ಚಾಲೂ ಮಾಡಲು ಬಿಡುವುದಿಲ್ಲ. ಟರ್ಮಿನಲ್ ಉಜ್ಜಿ, 4,600 ರೂಪಾಯಿಯ ಹೊಸ ಬ್ಯಾಟರಿ ಕೂರಿಸಿ, ಕೋಡುಗಳನ್ನು ಅಳಿಸಿದ ಮೇಲೆ ಆ ದೀಪ ಮತ್ತೆ ಹತ್ತಿಲ್ಲ. ಚಾಲೂ ಆದಾಗ 14.1 ವೋಲ್ಟ್ ಬಂದದ್ದರಿಂದ ಆಲ್ಟರ್ನೇಟರ್ ಸರಿಯಿದೆ ಎಂಬುದೂ ಗೊತ್ತಾಯಿತು.

ಬ್ಯಾಟರಿ ಸರಿಯಿದ್ದೂ ದೀಪ ಉರಿದರೆ ಪಂಪಿನ ಸದ್ದು ಕೇಳಿ. ಚಾಲಕನ ಬಾಗಿಲು ತೆರೆದಾಗಲೋ ಕೀಲಿ ತಿರುಗಿಸಿದಾಗಲೋ ‘ಗುಂಯ್’ ಎಂದು ಕೆಲವು ಸೆಕೆಂಡ್ ಓಡಿ ಸುಮ್ಮನಾಗಬೇಕು. ಗೇರ್ ಮುಟ್ಟದೆ ಕೂತಿದ್ದರೂ ಮತ್ತೆ ಮತ್ತೆ ಓಡುತ್ತಿದ್ದರೆ ಎಲ್ಲೋ ಒತ್ತಡ ಸೋರುತ್ತಿದೆ. ಒಂದೊಂದು ಗೇರ್ ಬದಲಿಗೂ ಪಂಪು ಓಡಿದರೆ ಒತ್ತಡ ಕೂಡಿಡುವ ಗುಂಡು ದುರ್ಬಲವಾಗಿದೆಯೇ ನೋಡಿಸಬೇಕು. ಅದನ್ನು ಮಾತ್ರ ಬೇರೆಯಾಗಿ ಬದಲಿಸಲು ಬರುತ್ತದೆಯೇ ಎಂದು ಕೇಳಿಯೇ ಇಡೀ ಘಟಕಕ್ಕೆ ಹೂಂ ಅನ್ನಿ. ಆಕ್ಚುವೇಟರಿನ ಆಯಿಲ್ ಕಡಿಮೆಯಾಗಿದೆ ಎಂದು ಬ್ರೇಕ್ ಆಯಿಲ್ ಸುರಿಯಬೇಡಿ, ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಉಳಿದ ಸರ್ವಿಸ್ ಖರ್ಚು ಯಾವ ಸಣ್ಣ ಪೆಟ್ರೋಲ್ ಗಾಡಿಗಾದರೂ ಬರುವಷ್ಟೇ. ಮೊದಲ ವರ್ಷ 2,100, ಎರಡನೆಯದು 4,300, ಮೂರು 5,200, ನಾಲ್ಕು 9,800, ಐದು 5,600, ಒಟ್ಟು 27,000. ನಾಲ್ಕರಲ್ಲಿ ಹೆಚ್ಚಾದದ್ದು ಕೂಲಂಟ್, ಸ್ಪಾರ್ಕ್ ಪ್ಲಗ್, ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಆಯಿಲ್ ಒಟ್ಟಿಗೆ ಬಂದದ್ದಕ್ಕೆ. ಅಣ್ಣಿಗೇರಿ, ನವಲಗುಂದ ಕಡೆ ಎರೆಮಣ್ಣಿನ ಧೂಳಿನಲ್ಲಿ ಓಡಿಸುವವರು ಏರ್ ಫಿಲ್ಟರನ್ನು ಸರ್ವಿಸ್ ದಿನಕ್ಕೆ ಕಾಯದೆ ನೋಡಬೇಕು. ಇದಕ್ಕೆ ಕ್ಲಚ್ಚಿನ 14,500, ಬ್ಯಾಟರಿಯ 4,600 ಕೂಡಿಸಿದರೆ 46,100. ಟೈರು, ವಿಮೆ, ಪೆಟ್ರೋಲ್ ಬಿಟ್ಟು ಕಿಲೋಮೀಟರಿಗೆ ಸುಮಾರು 89 ಪೈಸೆ. ಎಎಂಟಿ ಎಂಬ ಕಾರಣಕ್ಕೇ ಬಂದ ಹೆಚ್ಚಿನ ಖರ್ಚು ಇದರಲ್ಲಿ ಕ್ಲಚ್ ಕಲಿಸಿದ 800 ರೂಪಾಯಿ ಮಾತ್ರ. ಆಕ್ಚುವೇಟರ್ ಹೋಗಿದ್ದರೆ ಈ ಲೆಕ್ಕ ಎರಡು ಪಟ್ಟಾಗುತ್ತಿತ್ತು. ನನ್ನ ಅನುಮಾನ ಉಳಿದಿರುವುದು ಅದರ ಮೇಲೆಯೇ.

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟು. ಗಾಡಿ ಯಾವ ವರ್ಷದ್ದು, ಎಷ್ಟು ಓಡಿದೆ, ಅದರಲ್ಲಿ ಊರೊಳಗೆ ಎಷ್ಟು, ಹಾವೇರಿ ಅಥವಾ ಗದಗ ಕಡೆಯ ಹೆದ್ದಾರಿಯಲ್ಲಿ ಎಷ್ಟು? ಮೊದಲ ಕ್ಲಚ್ ಎಷ್ಟು ಕಿಲೋಮೀಟರಿಗೆ ಹೋಯಿತು, ಹಾಕಿದ ಮೇಲೆ ಸ್ಕ್ಯಾನರಿನಿಂದ ಕಲಿಸಿದರೇ? ಆಕ್ಚುವೇಟರ್ ಬದಲಿಸಿದ್ದರೆ ಅದಕ್ಕೆ ಮೊದಲು ಬ್ಯಾಟರಿಯ ವೋಲ್ಟ್ ಅಳೆದಿದ್ದರೇ, ಪಂಪಿನ ಸದ್ದು ಹೇಗಿತ್ತು, ಹಳೆಯ ಘಟಕವನ್ನು ನಿಮಗೆ ತೋರಿಸಿದರೇ? ಬಿಲ್ಲಿನಲ್ಲಿ ಸಾಮಾನು ಎಷ್ಟು, ಕೂಲಿ ಎಷ್ಟು? ಏನೂ ಹೋಗದವರೂ ದಯವಿಟ್ಟು ಬರೆಯಿರಿ. 80,000 ದಾಟಿಯೂ ಮೊದಲ ಕ್ಲಚ್ಚಿನಲ್ಲೇ ಓಡುತ್ತಿರುವ ಗಾಡಿ ಇದ್ದರೆ, ಅದು ನಿತ್ಯ ಯಾವ ದಾರಿಯಲ್ಲಿ ಓಡಾಡುತ್ತದೆ, ಮನೆ ಮುಂದೆ ರ‍್ಯಾಂಪ್ ಇದೆಯೇ ಎಂಬುದು ನನಗೆ ಬಿಲ್ಲಿನಷ್ಟೇ ಮುಖ್ಯ.