ತೆಳ್ಳಗಿದ್ದರೆ ಏನು ಬೇಕಾದರೂ ತಿನ್ನಬಹುದೇ?

ಪ್ರಶ್ನೆ: ಎಷ್ಟು ತಿಂದರೂ ನನ್ನ ಮೈಗೆ ಹತ್ತುವುದಿಲ್ಲ. ಸಿಹಿ, ಕರಿದದ್ದು ಧಾರಾಳವಾಗಿ ತಿಂದರೂ ತೊಂದರೆ ಇಲ್ಲ ಅಲ್ಲವೇ?

ಉತ್ತರ: ತೊಂದರೆ ಇದೆ, ತೂಕದ ಯಂತ್ರಕ್ಕೆ ಅದು ಕಾಣುವುದಿಲ್ಲ ಅಷ್ಟೆ. ಕೆಲವರಲ್ಲಿ ಕೊಬ್ಬು ಚರ್ಮದಡಿ ಸೇರುವ ಬದಲು ಯಕೃತ್ತಿನಲ್ಲಿ, ಕರುಳಿನ ಸುತ್ತ ಕೂರುತ್ತದೆ. ಆಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ.

ಉಸಿರು ಬಿಟ್ಟು, ಟೇಪಿನಿಂದ ಹೊಟ್ಟೆಯ ಸುತ್ತಳತೆ ನೋಡಿ. (ಹೊಟ್ಟೆ ಒಳಗೆಳೆದುಕೊಂಡು ಅಳೆಯುವವರೇ ಹೆಚ್ಚು!) ಅದು ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 170 ಸೆಂ.ಮೀ. ಎತ್ತರ, 62 ಕಿಲೋ ತೂಕದವರು ನೋಡಲು ತೆಳ್ಳಗೇ ಇರುತ್ತಾರೆ. ಆದರೆ ಸುತ್ತಳತೆ 88 ಸೆಂ.ಮೀ. ಇದ್ದರೆ 85ರ ಗಡಿ ದಾಟಿದಂತೆ. ಅಂಥವರು ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ರಕ್ತದ ಕೊಬ್ಬು ತೋರಿಸುವ ಟ್ರೈಗ್ಲಿಸರೈಡ್ ಪರೀಕ್ಷೆ ಮಾಡಿಸಿ. ಎಚ್‌ಬಿಎ1ಸಿ ಶೇ. 5.7 ಅಥವಾ ಹೆಚ್ಚಿದ್ದರೆ ವೈದ್ಯರನ್ನು ಕಾಣಿ. ಸುತ್ತಳತೆ ಸರಿಯಿದ್ದರೂ ಉಪ್ಪಿನಿಂದ ರಕ್ತದೊತ್ತಡ ಏರಬಹುದು, ಅದನ್ನೂ ನೋಡಿಸಿ.